ಶನಿವಾರ ರಾತ್ರಿಯೋ, ಭಾನುವಾರ ರಾತ್ರಿಯೋ?

ಹೊರದೇಶಗಳಿಂದ ಬೆಂಗಳೂರಿಗೆ ಬರುವ ಎಷ್ಟೋ ವಿಮಾನಗಳು ಇಳಿಯುವುದು ಹನ್ನೆರಡು ಹೊಡೆದ ಮೇಲೆ, ಕೋಳಿ ಕೂಗುವುದಕ್ಕೆ ಮೊದಲು. ಬರುವವರು ಬೆಂಗಳೂರಿನವರೇ ಆದರೆ ಆ್ಯಪ್ ತೆರೆದು ಒಂದು ಕ್ಯಾಬ್ ಹಿಡಿದು ಮನೆ ಸೇರುತ್ತಾರೆ. ಹಾಸನ, ಶಿವಮೊಗ್ಗ, ಚಿತ್ರದುರ್ಗದ ಕಡೆಯವರು ಮಾತ್ರ ಊರಿನ ಟ್ರಾವೆಲ್ಸ್‌ನವರಿಗೆ ಹೇಳಿ ಕಾರು ತರಿಸಿಕೊಳ್ಳುತ್ತಾರೆ. ಆ ಕಾರಿನ ಡ್ರೈವರ್ ಇನ್ನೂರು ಕಿಲೋಮೀಟರ್ ದೂರದಿಂದ, ಹಿಂದಿನ ದಿನ ರಾತ್ರಿಯೇ ಹೊರಡಬೇಕು. ಅವರಿಗೆ ಹೋಗುವ ವಾಟ್ಸಾಪ್ ಸಂದೇಶದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ‘16ಕ್ಕೆ ರಾತ್ರಿ 1:40ಕ್ಕೆ ಬೆಂಗಳೂರು ಏರ್‌ಪೋರ್ಟ್ ಪಿಕಪ್.’ ಕಳಿಸಿದವರಿಗೆ ಇದರಲ್ಲಿ ಎಲ್ಲವೂ ಇದೆ ಅನ್ನಿಸುತ್ತದೆ. ಓದಿದವರು ಒಂದು ದಿನ ತಡವಾಗಿ ಬರುತ್ತಾರೆ.

ಯಾಕೆಂದರೆ ನಮ್ಮ ಲೆಕ್ಕದಲ್ಲಿ ದಿನ ಬದಲಾಗುವುದು ಬೆಳಕು ಹರಿದಾಗ. ರಾತ್ರಿ ಒಂದು ಗಂಟೆಗೆ ಎಚ್ಚರವಿದ್ದವನಿಗೆ ಅದು ಇನ್ನೂ ಶನಿವಾರ ರಾತ್ರಿಯೇ. ವಿಮಾನ ಕಂಪನಿಯ ಗಡಿಯಾರದಲ್ಲಿ ಮಾತ್ರ ಹನ್ನೆರಡಾದ ಕ್ಷಣಕ್ಕೆ ಭಾನುವಾರ ಶುರುವಾಗಿರುತ್ತದೆ. 16ನೇ ತಾರೀಖು ಭಾನುವಾರ ಎಂದಾದರೆ, ‘16ರ ರಾತ್ರಿ 1:40’ ಎಂದು ಓದಿದ ಡ್ರೈವರ್ ಭಾನುವಾರ ಹಗಲೆಲ್ಲ ಊರಿನಲ್ಲಿದ್ದು, ಸಂಜೆ ಮದುವೆ ಬಾಡಿಗೆಯೊಂದನ್ನು ಮುಗಿಸಿ, ರಾತ್ರಿ ಒಂಬತ್ತಕ್ಕೆ ಹೊರಡುವ ಯೋಜನೆ ಹಾಕುತ್ತಾರೆ. ಅವರನ್ನು ತಪ್ಪು ಎನ್ನಲಾಗದು. ಅಷ್ಟು ಹೊತ್ತಿಗೆ ಪ್ರಯಾಣಿಕರು ಬಂದು ಹತ್ತಿರಹತ್ತಿರ ಇಪ್ಪತ್ತು ಗಂಟೆಯಾಗಿರುತ್ತದೆ.

ಒಂದು ಸಂದರ್ಭವನ್ನು ಇಟ್ಟುಕೊಂಡೇ ನೋಡೋಣ. ಹಾಸನದ ಹಿರಿಯ ದಂಪತಿ ಜರ್ಮನಿಯ ಮಗಳ ಮನೆಯಿಂದ ವಾಪಸಾಗುತ್ತಿದ್ದಾರೆ. ವಿಮಾನ ಫ್ರಾಂಕ್‌ಫರ್ಟ್ ಬಿಡುವುದು ನವೆಂಬರ್ 15, ಶನಿವಾರ ಮಧ್ಯಾಹ್ನ 12:20ಕ್ಕೆ. ಬೆಂಗಳೂರು ತಲುಪುವುದು 16ರ 01:40ಕ್ಕೆ. ಟಿಕೆಟ್ಟಿನಲ್ಲಿ ಆ ಸಮಯದ ಪಕ್ಕ ಪುಟ್ಟದಾಗಿ +1 ಎಂದಿರುತ್ತದೆ. ಹೊರಟ ದಿನಕ್ಕೆ ಒಂದು ದಿನ ಕೂಡಿಸಿಕೊಳ್ಳಿ ಎಂದು ಅದರ ಅರ್ಥ. ಈ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಜರ್ಮನಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ ಇದ್ದೇವೆ ಎಂದು 01:40ಕ್ಕೆ ಇನ್ನೊಮ್ಮೆ ನಾಲ್ಕೂವರೆ ಸೇರಿಸಿ, ಬೆಳಿಗ್ಗೆ ಆರಕ್ಕೆ ಕಾರು ಹೇಳಿದವರೂ ಇದ್ದಾರೆ. ಆ ಕೂಡುವ ಕೆಲಸವನ್ನು ಟಿಕೆಟ್ ಆಗಲೇ ಮಾಡಿ ಮುಗಿಸಿರುತ್ತದೆ.

ಕಾರು ಕಳಿಸುವವರಿಗೆ ಸಂದೇಶ ಬರೆಯಬೇಕಾದವಳು ಮಗಳು. 01:40 ಎಂಬುದು ಚಕ್ರ ನೆಲ ಮುಟ್ಟುವ ಹೊತ್ತು. ಡ್ರೈವರ್‌ಗೆ ಅದು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಇಳಿದ ವಿಮಾನ ಬಾಗಿಲಿಗೆ ಬಂದು ನಿಲ್ಲಬೇಕು, ಹಿರಿಯರು ಉದ್ದದ ಹಾದಿ ನಡೆಯಬೇಕು, ಇಮಿಗ್ರೇಶನ್ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟಿನ ಮೇಲೆ ಸೂಟ್‌ಕೇಸ್ ಬರುವತನಕ ಕಾಯಬೇಕು, ಕಸ್ಟಮ್ಸ್ ದಾಟಬೇಕು. ಹೊರದೇಶದ ವಿಮಾನಕ್ಕೆ ಇದೆಲ್ಲ ಒಂದು ಗಂಟೆಯಿಂದ ಒಂದೂವರೆ ಗಂಟೆ ಎಂದು ಹಿಡಿಯುವುದು ಕ್ಷೇಮ. ಬೇರೆ ವಿಮಾನಗಳೂ ಅದೇ ಹೊತ್ತಿಗೆ ಇಳಿದಿದ್ದರೆ ಇನ್ನೂ ತಡ. ದೇಶದೊಳಗಿನ ವಿಮಾನವಾದರೆ ಅರ್ಧ ಗಂಟೆ, ನಲವತ್ತು ನಿಮಿಷ ಸಾಕು. ಹಾಗಾಗಿ ನಮ್ಮ ದಂಪತಿ ಹೊರಗೆ ಕಾಣಿಸುವುದು ಸುಮಾರು 2:45ಕ್ಕೆ. ವಿಮಾನ ಹತ್ತಿಪ್ಪತ್ತು ನಿಮಿಷ ಮೊದಲೇ ಇಳಿಯುವುದೂ ಉಂಟು. ಅದಕ್ಕೆ ಡ್ರೈವರ್ 2:15ಕ್ಕೆ ಅಲ್ಲಿದ್ದರೆ ಸರಿ. ಹಾಸನದಿಂದ ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಒಳಗೆ ಹೋಗಬೇಕಾಗಿಲ್ಲ. ದಾರಿಯ ಟೀ ಸೇರಿ ನಾಲ್ಕೂವರೆ ಗಂಟೆ ಇಟ್ಟುಕೊಂಡರೆ ಹೊರಡಬೇಕಾದ್ದು ಶನಿವಾರ ರಾತ್ರಿ 9:45ಕ್ಕೆ.

ಸಂದೇಶದಲ್ಲಿ ಮೊದಲು ಇರಬೇಕಾದ್ದು ಈ ಹೊರಡುವ ಹೊತ್ತು ಎಂಬುದು ನನ್ನ ಅಭಿಪ್ರಾಯ. ಡ್ರೈವರ್ ತಮ್ಮ ದಿನವನ್ನು ಯೋಜಿಸುವುದು ಅದರ ಮೇಲೆ. ಶನಿವಾರ ರಾತ್ರಿ ಒಂಬತ್ತು ಮುಕ್ಕಾಲಿಗೆ ಹೊರಡಬೇಕು ಎಂದು ಗೊತ್ತಾದರೆ ಮಧ್ಯಾಹ್ನ ಒಂದಿಷ್ಟು ಮಲಗುತ್ತಾರೆ, ಸಂಜೆಯ ಬಾಡಿಗೆ ಒಪ್ಪಿಕೊಳ್ಳುವುದಿಲ್ಲ. ರಾತ್ರಿ ಒಂದೂವರೆಯ ತಾರೀಖು ಗೋಜಲಾಗಬಹುದು, ರಾತ್ರಿ ಒಂಬತ್ತು ಮುಕ್ಕಾಲಿನ ತಾರೀಖಿನಲ್ಲಿ ಯಾರಿಗೂ ಅನುಮಾನವಿಲ್ಲ.

ಇನ್ನು ಜಾಗದ ವಿಚಾರ. 2023ರ ಸೆಪ್ಟೆಂಬರ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹೊರದೇಶದ ವಿಮಾನಗಳ ಓಡಾಟ ಟರ್ಮಿನಲ್ 2ಕ್ಕೆ ಹೋಗಿದೆ. ಅದಕ್ಕೂ ಮೊದಲು, 2008ರಲ್ಲಿ ನಿಲ್ದಾಣ ಶುರುವಾದಾಗಿನಿಂದ, ಹೊರದೇಶದ ವಿಮಾನಗಳ ಓಡಾಟವೆಲ್ಲ ಇದ್ದದ್ದು ಈಗ ಟರ್ಮಿನಲ್ 1 ಎನ್ನುವ ಕಟ್ಟಡದಲ್ಲೇ. ವರ್ಷಕ್ಕೊಮ್ಮೆ ಎರಡು ಸಲ ಮಾತ್ರ ಇತ್ತ ಬರುವ ಜಿಲ್ಲೆಯ ಡ್ರೈವರ್‌ಗಳಲ್ಲಿ ಕೆಲವರ ಕಣ್ಣಿಗೆ ಇನ್ನೂ ಆ ಹಳೆಯ ಕಟ್ಟಡವೇ ಏರ್‌ಪೋರ್ಟ್. ದೇಶದೊಳಗಿನ ವಿಮಾನಗಳಿಗೆ ಎರಡೂ ಟರ್ಮಿನಲ್ ಇವೆ, ಯಾವುದು ಎಂಬುದು ಕಂಪನಿಯ ಮೇಲೆ ಹೋಗುತ್ತದೆ; ಟಿಕೆಟ್ಟಿನಲ್ಲಿ ನೋಡಿಕೊಂಡೇ ಬರೆಯಬೇಕು.

‘ಬಾಗಿಲ ಹತ್ತಿರ ಬನ್ನಿ’ ಎಂಬ ಮಾತು ಈಗ ಇನ್ನೊಂದು ಕಾರಣಕ್ಕೂ ಕೆಲಸಕ್ಕೆ ಬಾರದು. 2025ರ ಡಿಸೆಂಬರ್‌ನಲ್ಲಿ ನಿಲ್ದಾಣದವರು ಪಿಕಪ್ ನಿಯಮ ಬದಲಿಸಿ, ಬಿಳಿ ಬೋರ್ಡಿನ ಸ್ವಂತ ಕಾರುಗಳಿಗೆ ಮಾತ್ರ ಆಗಮನ ದ್ವಾರದ ಎದುರಿನ ಲೇನ್ ಬಿಟ್ಟು, ಹಳದಿ ಬೋರ್ಡಿನ ಬಾಡಿಗೆ ಕಾರುಗಳನ್ನು ಗೊತ್ತುಮಾಡಿದ ಪಾರ್ಕಿಂಗ್ ಜಾಗಗಳಿಗೆ ಕಳಿಸಿದರು. ಸ್ವಂತ ಕಾರೂ ಲೇನಿನಲ್ಲಿ ಕೆಲವೇ ನಿಮಿಷ ನಿಲ್ಲಬಹುದು, ಮೀರಿದರೆ ದುಡ್ಡು ಕಟ್ಟಬೇಕು. ಟ್ರಾವೆಲ್ಸ್ ಕಾರಿನಲ್ಲಿ ಹೋಗುವವರಿಗೆ ಇದರ ಅರ್ಥ, ಕಾರು ನಮ್ಮ ಹತ್ತಿರ ಬರುವುದಿಲ್ಲ, ನಾವೇ ಕಾರಿನ ಹತ್ತಿರ ನಡೆಯಬೇಕು. ಆದ್ದರಿಂದ ಭೇಟಿಯ ಜಾಗ ಎಂದರೆ ಎರಡು: ಮನುಷ್ಯರು ಸೇರುವ ಜಾಗ, ಕಾರು ನಿಂತ ಜಾಗ. ಹಿರಿಯರಾದರೆ ಡ್ರೈವರ್ ಕಾರನ್ನು ಪಾರ್ಕಿಂಗ್‌ನಲ್ಲಿ ಬಿಟ್ಟು, ಹೆಸರು ಬರೆದ ಹಾಳೆ ಹಿಡಿದು ಹೊರಬಾಗಿಲ ಮುಂದೆ ನಿಲ್ಲುವುದೇ ಒಳ್ಳೆಯದು. ಟ್ರಾಲಿ ತಳ್ಳುವುದಕ್ಕೂ ಒಬ್ಬರು ಸಿಕ್ಕಂತಾಯಿತು. ಪಾರ್ಕಿಂಗ್ ಚಾರ್ಜ್ ಯಾರದ್ದು ಎಂದು ಮೊದಲೇ ಹೇಳಿಬಿಟ್ಟರೆ, ದುಡ್ಡು ಉಳಿಸಲೆಂದು ಅವರು ಹೆದ್ದಾರಿ ಬದಿಯಲ್ಲಿ ಕಾದು, ‘ಬಂದ ಮೇಲೆ ಫೋನ್ ಮಾಡಿ’ ಎನ್ನುವ ಪ್ರಸಂಗ ಬರುವುದಿಲ್ಲ.

ಫೋನನ್ನೇ ನಂಬಿ ಕೂರುವಂತೆಯೂ ಇಲ್ಲ. ಅಪ್ಪನ ಸಿಮ್ ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಬಿದ್ದಿರಬಹುದು, ಅಮ್ಮನ ಫೋನಿನಲ್ಲಿ ಜರ್ಮನಿಯ ಸಿಮ್ ಇರಬಹುದು. ನಿಲ್ದಾಣದ ವೈಫೈ ಕಟ್ಟಡದಿಂದ ದೂರ ಹೋದಂತೆ ಕೈಕೊಡುತ್ತದೆ. ಫೋನ್ ಸಿಗದಿದ್ದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದು ಸಂದೇಶದಲ್ಲೇ ಇರಬೇಕು. ಇಬ್ಬರೂ ಹುಡುಕಿಕೊಂಡು ಹೊರಟರೆ ಸಿಗುವುದು ಕಷ್ಟ, ಒಬ್ಬರು ನಿಂತಲ್ಲೇ ನಿಲ್ಲಬೇಕು.

ಇಷ್ಟನ್ನೂ ಇಟ್ಟುಕೊಂಡು ಮಗಳು ಬರೆದರೆ ಹೀಗಿರಬಹುದು:

‘ನಮಸ್ಕಾರ ಅಣ್ಣಾ. ಬೆಂಗಳೂರು ಏರ್‌ಪೋರ್ಟ್ ಪಿಕಪ್ ವಿಚಾರ. ನವೆಂಬರ್ 15 ಶನಿವಾರ ರಾತ್ರಿ 9:45ಕ್ಕೆ ಹಾಸನ ಬಿಡಬೇಕು. ಅದೇ ರಾತ್ರಿ 1:40ಕ್ಕೆ ವಿಮಾನ ಇಳಿಯುತ್ತೆ, ಅಂದರೆ 16 ಭಾನುವಾರ ಬೆಳಗಿನ ಜಾವ. ನೀವು 2:15ಕ್ಕೆ ಅಲ್ಲಿರಿ. ಅಪ್ಪ ಅಮ್ಮ ಹೊರಗೆ ಬರೋದು 2:45 ಆಗಬಹುದು. ಟರ್ಮಿನಲ್ 2, ಹೊಸ ಕಟ್ಟಡ. ಕಾರು ಪಾರ್ಕಿಂಗ್‌ನಲ್ಲಿ ಹಾಕಿ, ಇಂಟರ್‌ನ್ಯಾಷನಲ್ ಅರೈವಲ್ ಬಾಗಿಲಿನ ಹೊರಗಡೆ ಅಪ್ಪನ ಹೆಸರಿನ ಹಾಳೆ ಹಿಡ್ಕೊಂಡು ನಿಂತಿರಿ. ಫೋನ್ ಸಿಗದಿದ್ದರೂ ಅಲ್ಲಿಂದ ಕದಲಬೇಡಿ, ಅವರೇ ಬರ್ತಾರೆ. ಇಬ್ಬರು ಹಿರಿಯರು, ನಾಲ್ಕು ದೊಡ್ಡ ಸೂಟ್‌ಕೇಸ್. ಪಾರ್ಕಿಂಗ್, ಟೋಲ್ ನಮ್ಮದು. ವಿಮಾನ ತಡವಾದರೆ ನಾನೇ ಫೋನ್ ಮಾಡ್ತೀನಿ. ಕಾರ್ ನಂಬರ್ ಕಳಿಸಿ, ಹಾಸನ ಯಾವ ದಿನ ಎಷ್ಟು ಗಂಟೆಗೆ ಬಿಡ್ತೀರ ಅಂತ ಬರೆದು ತಿಳಿಸಿ.’

ಇದರಲ್ಲಿ ‘ನಾಳೆ’, ‘ನಾಡಿದ್ದು’ ಎಂಬ ಮಾತೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಕಳಿಸಿದ ‘ನಾಳೆ’ಯನ್ನು ಅವರು ಬೆಳಿಗ್ಗೆ ಎದ್ದು ಓದಿದರೆ ಒಂದು ದಿನ ಜಾರಿಹೋಗುತ್ತದೆ. ಅಂಕಿಗಳನ್ನು 2:15 ಎಂದೇ ಬರೆಯಬೇಕು. ಕನ್ನಡ ಅಂಕಿಯ ಮೇಲೆ ನನಗೂ ಪ್ರೀತಿ ಇದೆ, ಆದರೆ ನಂಬರ್ ಪ್ಲೇಟು, ಫೋನು, ಟೋಲ್ ಚೀಟಿ ಎಲ್ಲ ಕಡೆ ಡ್ರೈವರ್‌ಗಳ ಕಣ್ಣಿಗೆ ರೂಢಿಯಾಗಿರುವುದು ಈ ಅಂಕಿಯೇ. ಕನ್ನಡ ಓದುವುದು ರೂಢಿಯಿಲ್ಲದವರಿಗೆ ಇದನ್ನೇ ಧ್ವನಿ ಸಂದೇಶವಾಗಿ ಹೇಳಿ ಕಳಿಸಬಹುದು. ಬರಹವನ್ನು ಮಾತ್ರ ಬಿಡುವುದು ಬೇಡ. ಗದ್ದಲದಲ್ಲಿ ‘ಎರಡೂಕಾಲು’, ‘ಎರಡೂಮುಕ್ಕಾಲು’ ಒಂದೇ ಥರ ಕೇಳಿಸುತ್ತವೆ, ಬಾಗಿಲ ಮುಂದೆ ನಿಂತಾಗ ಕಣ್ಣಾಡಿಸಲು ಬರಹವೇ ಬೇಕು.

ಉತ್ತರವಾಗಿ ಬರುವ ‘ಆಯ್ತು ಮೇಡಂ’ಗೂ, ಎತ್ತಿದ ಹೆಬ್ಬೆರಳಿಗೂ ಹೆಚ್ಚು ಬೆಲೆ ಕೊಡಬೇಡಿ. ಸಂದೇಶ ಬಂತು ಎಂದಷ್ಟೇ ಅದು ತಿಳಿಸುತ್ತದೆ. ‘ಶನಿವಾರ ರಾತ್ರಿ 9:30ಕ್ಕೇ ಬಿಡ್ತೀನಿ’ ಎಂದು ಅವರೇ ಬರೆದರೆ ವಿಷಯ ಮುಟ್ಟಿದೆ. ‘ಭಾನುವಾರ ರಾತ್ರಿ’ ಎಂದು ಬಂದರೆ ಆಗಲೇ ಫೋನ್ ಮಾಡಿ ಸರಿಪಡಿಸಲು ಸಮಯವಿರುತ್ತದೆ. ಇನ್ನೊಂದು ಕಡೆಯೂ ಎಡವಟ್ಟಾಗುತ್ತದೆ: ಬುಕಿಂಗ್ ತೆಗೆದುಕೊಳ್ಳುವವರು ಟ್ರಾವೆಲ್ಸ್ ಮಾಲೀಕರು, ಸ್ಟೇರಿಂಗ್ ಹಿಡಿಯುವವರು ಬೇರೆ. ಮಾಲೀಕರು ಬಾಯಿಮಾತಿನಲ್ಲಿ ದಾಟಿಸುವಾಗ ಟರ್ಮಿನಲ್ಲೂ ತಾರೀಖೂ ಸೋರಿಹೋಗುತ್ತವೆ. ಡ್ರೈವರ್‌ನ ನಂಬರ್ ಕೇಳಿ ಪಡೆದು ಅದೇ ಸಂದೇಶವನ್ನು ಅವರಿಗೆ ನೇರವಾಗಿ ಕಳಿಸಬೇಕು. ಅಪ್ಪ ಅಮ್ಮನಿಗೂ ಅದರ ಪ್ರತಿ ಬೇಕು, ಕಾಗದದ ಮೇಲೆ ಬರೆದಿದ್ದರೆ ಇನ್ನೂ ಒಳ್ಳೆಯದು. ಡ್ರೈವರ್ ಎಲ್ಲಿ ನಿಂತಿರುತ್ತಾರೆ ಎಂದು ಅವರಿಗೇ ಗೊತ್ತಿಲ್ಲದಿದ್ದರೆ ಈ ಬರಹವೆಲ್ಲ ದಂಡ.

ಶನಿವಾರ ರಾತ್ರಿ ಒಂಬತ್ತಕ್ಕೆ, ಅಂದರೆ ಜರ್ಮನಿಯ ಸಂಜೆ ನಾಲ್ಕೂವರೆಗೆ, ಮಗಳಿಗೆ ಇನ್ನೊಂದು ಕೆಲಸ ಉಳಿದಿದೆ. ವಿಮಾನ ಸರಿಯಾದ ಹೊತ್ತಿಗೆ ಹೊರಟಿದೆಯೇ ಎಂದು ನೋಡಿ, ಡ್ರೈವರ್‌ಗೆ ಒಂದು ಫೋನ್ ಮಾಡುವುದು. ಎರಡು ಗಂಟೆ ತಡವಿದ್ದರೆ ಅವರು ಮನೆಯಲ್ಲೇ ಎರಡು ಗಂಟೆ ಹೆಚ್ಚು ನಿದ್ದೆ ಮಾಡಲಿ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬೆಳಗಿನ ಜಾವ ಮೂರು ಗಂಟೆಗೆ ಮತ್ತೆ ಹಾಸನದ ದಾರಿ ಹಿಡಿಯಬೇಕಾದವರು ಅವರೇ.