ಒಂದು ಪರ್ಸೆಂಟ್, ನೂರಾರು ಕೋಟಿ

ಒಂದೇ ಕಂಪನಿಯ ಬಗ್ಗೆ ಎರಡು ಬ್ರೋಕರೇಜ್ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕೆಲವೊಮ್ಮೆ ತಲೆ ತಿರುಗುತ್ತದೆ. ಮಾರಾಟ, ಲಾಭ, ಬೆಳವಣಿಗೆಯ ಅಂದಾಜೆಲ್ಲ ಎರಡರಲ್ಲೂ ಒಂದೇ. ಷೇರಿಗೆ ಕಟ್ಟಿದ ಬೆಲೆ ಮಾತ್ರ ಒಬ್ಬರದು 110 ರೂಪಾಯಿ, ಇನ್ನೊಬ್ಬರದು 172. ಕಾರಣ ಹುಡುಕುತ್ತ ಹೋದರೆ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಸಿಗುತ್ತದೆ: ಡಿಸ್ಕೌಂಟ್ ದರ ಒಬ್ಬರಿಗೆ ಶೇ 13, ಇನ್ನೊಬ್ಬರಿಗೆ ಶೇ 11.

ಈ ಲೆಕ್ಕದ ಹೆಸರು ಡಿಸ್ಕೌಂಟೆಡ್ ಕ್ಯಾಶ್ ಫ್ಲೋ, ಚಿಕ್ಕದಾಗಿ ಡಿಸಿಎಫ್. ಕಂಪನಿ ಮುಂದೆ ವರ್ಷವರ್ಷವೂ ಕೈಗೆ ತರುವ ಹಣವನ್ನು ಅಂದಾಜು ಮಾಡಿ, ಅದಕ್ಕೆ ಇವತ್ತು ಎಷ್ಟು ಬೆಲೆ ಎಂದು ಕೇಳುವುದಷ್ಟೇ ಇದರ ಕೆಲಸ. ಬಡ್ಡಿ ಲೆಕ್ಕವನ್ನು ಹಿಂದುಮುಂದು ಮಾಡಿದ ಹಾಗೆ: ಶೇ 12ರ ದರದಲ್ಲಿ ಹತ್ತು ವರ್ಷದ ನಂತರ ಬರುವ 100 ರೂಪಾಯಿಗೆ ಇವತ್ತಿನ ಬೆಲೆ ಸುಮಾರು 32. ದರ ಶೇ 11 ಆದರೆ 35. ಇಷ್ಟೇ ಆಗಿದ್ದರೆ ಜಗಳಕ್ಕೆ ಕಾರಣವೇ ಇರುತ್ತಿರಲಿಲ್ಲ.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಮುಂದಿನ ವರ್ಷ ಖರ್ಚು, ತೆರಿಗೆ, ಹೊಸ ಯಂತ್ರಗಳ ಹೂಡಿಕೆ ಎಲ್ಲ ಕಳೆದು ಅದರ ಕೈಯಲ್ಲಿ 100 ಕೋಟಿ ಉಳಿಯುತ್ತದೆ. ಈ ಮೊತ್ತ ಹತ್ತನೇ ವರ್ಷದವರೆಗೆ ಶೇ 10ರಂತೆ, ಆಮೇಲೆ ಎಂದೆಂದಿಗೂ ಶೇ 5ರಂತೆ ಬೆಳೆಯುತ್ತದೆ. ಶೇ 12ರ ದರದಲ್ಲಿ ಮೊದಲ ಹತ್ತು ವರ್ಷಗಳ ಹಣದ ಇವತ್ತಿನ ಬೆಲೆ 824 ಕೋಟಿ. ಆಮೇಲಿನ ಎಲ್ಲ ವರ್ಷಗಳದ್ದು, ಅಂದರೆ ಟರ್ಮಿನಲ್ ವ್ಯಾಲ್ಯೂ, 1,139 ಕೋಟಿ. ಒಟ್ಟು 1,963. ಅರ್ಧಕ್ಕಿಂತ ಹೆಚ್ಚು ಬೆಲೆ ಯಾರೂ ವಿವರವಾಗಿ ಅಂದಾಜು ಮಾಡದ ಕಾಲದಿಂದಲೇ ಬಂದಿದೆ ಎನ್ನುವುದನ್ನು ಗಮನಿಸಿ.

ಏರುಪೇರಿನ ಗುಟ್ಟು ಇರುವುದೂ ಅಲ್ಲೇ. ಟರ್ಮಿನಲ್ ವ್ಯಾಲ್ಯೂ ಲೆಕ್ಕ ಹಾಕುವಾಗ ಹನ್ನೊಂದನೇ ವರ್ಷದ ಹಣವನ್ನು, ಅಂದರೆ ಸುಮಾರು 248 ಕೋಟಿಯನ್ನು, ಡಿಸ್ಕೌಂಟ್ ದರಕ್ಕೂ ಬೆಳವಣಿಗೆಯ ದರಕ್ಕೂ ಇರುವ ಅಂತರದಿಂದ ಭಾಗಿಸುತ್ತಾರೆ. ಇಲ್ಲಿ ಅಂತರ 12ರಲ್ಲಿ 5 ಕಳೆದರೆ 7. ದರವನ್ನು 11ಕ್ಕೆ ಇಳಿಸಿದರೆ ಅಂತರ 6. ನೋಡಲು ದರ ಬದಲಾಗಿದ್ದು ಒಂದೇ ಪರ್ಸೆಂಟ್. ಆದರೆ ಭಾಗಿಸುವ ಸಂಖ್ಯೆ ಏಳನೇ ಒಂದು ಭಾಗದಷ್ಟು ಕುಗ್ಗಿತು. ಹತ್ತು ವರ್ಷ ಹಿಂದಕ್ಕೆ ತರುವಾಗಿನ ಕಡಿತವೂ ಕಡಿಮೆಯಾಯಿತು. ಎರಡೂ ಸೇರಿ ಟರ್ಮಿನಲ್ ವ್ಯಾಲ್ಯೂ 1,453 ಕೋಟಿಗೆ, ಕಂಪನಿಯ ಬೆಲೆ 2,318 ಕೋಟಿಗೆ ಏರುತ್ತದೆ. ಅತ್ತ ಶೇ 13 ಆದರೆ ಒಟ್ಟು ಬೆಲೆ 1,698 ಕೋಟಿಗೆ ಇಳಿಯುತ್ತದೆ. ಇಳಿಕೆಗಿಂತ ಏರಿಕೆ ದೊಡ್ಡದು. ದರ ಬೆಳವಣಿಗೆಯ ಹತ್ತಿರ ಸರಿದಷ್ಟೂ ಬೆಲೆ ನೆಗೆಯುತ್ತದೆ.

ಸಾಲವಿದ್ದರೆ ಷೇರುದಾರನ ಪಾಡು ಇನ್ನೂ ಬಿಗಿ. ಈ ಕಂಪನಿಗೆ 600 ಕೋಟಿ ಸಾಲ, 10 ಕೋಟಿ ಷೇರು ಎಂದುಕೊಳ್ಳಿ. ಬೆಲೆ ಎಷ್ಟೇ ಆಗಲಿ, ಸಾಲ ಅಷ್ಟೇ. ಅದನ್ನು ಕಳೆದರೆ ಷೇರಿಗೆ ಶೇ 12ರಲ್ಲಿ 136 ರೂಪಾಯಿ, ಶೇ 11ರಲ್ಲಿ 172, ಶೇ 13ರಲ್ಲಿ 110. ಆರಂಭದ ಆ ಎರಡು ಬೆಲೆಗಳು ಇವೇ.

ಹಾಗಾದರೆ ಶೇ 12 ಬರುವುದೆಲ್ಲಿಂದ? ಸರ್ಕಾರದ ಹತ್ತು ವರ್ಷದ ಬಾಂಡ್ ಶೇ 7 ಕೊಡುತ್ತಿದೆ ಎನ್ನೋಣ. ಷೇರಿನ ಅಪಾಯಕ್ಕೆಂದು ಅದರ ಮೇಲೆ ಹೂಡಿಕೆದಾರ ಬಯಸುವ ಹೆಚ್ಚುವರಿ ಶೇ 6. ಮಾರುಕಟ್ಟೆಗಿಂತ ಈ ಷೇರು ಹೆಚ್ಚು ತೂಗಾಡುವುದರಿಂದ ಅದನ್ನು 1.2ರ ಬೀಟಾದಿಂದ ಗುಣಿಸಿದರೆ, ಷೇರುದಾರನ ನಿರೀಕ್ಷೆ ಶೇ 14.2. ತೆರಿಗೆ ಕಳೆದು ಸಾಲದ ವೆಚ್ಚ ಶೇ 7. ಎಪ್ಪತ್ತು ಪಾಲು ಷೇರು, ಮೂವತ್ತು ಪಾಲು ಸಾಲ ಎಂದು ಬೆರೆಸಿದರೆ ಸುಮಾರು 12 ಬರುತ್ತದೆ. ಆ ಹೆಚ್ಚುವರಿ 6ರ ಬದಲು 5 ಸಾಕು ಎಂದು ಯಾರಾದರೂ ವಾದಿಸಿದರೆ ದರ 11.2ಕ್ಕೆ ಇಳಿಯುತ್ತದೆ. ಎರಡೂ ವಾದಕ್ಕೆ ಆಧಾರ ಸಿಗುತ್ತದೆ, ಯಾವುದನ್ನೂ ಸುಳ್ಳು ಎನ್ನಲಾಗದು. ಬೇಕಾದ ಬೆಲೆಯನ್ನು ಮೊದಲೇ ನಿರ್ಧರಿಸಿ ದರವನ್ನು ಅದಕ್ಕೆ ಹೊಂದಿಸುವವರಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೊಂದಿಲ್ಲ.

2022ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಶೂನ್ಯದ ಆಸುಪಾಸಿನಲ್ಲಿದ್ದ ಬಡ್ಡಿಯನ್ನು ವರ್ಷಾಂತ್ಯಕ್ಕೆ ಶೇ 4.25–4.5ಕ್ಕೆ ಏರಿಸಿತು. ಆ ವರ್ಷ ನಾಸ್ಡಾಕ್ ಸೂಚ್ಯಂಕ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಬಡ್ಡಿಯೊಂದೇ ಕಾರಣವಲ್ಲ, ನಿಜ. ಆದರೆ ಲಾಭವೆಲ್ಲ ದೂರದ ವರ್ಷಗಳಲ್ಲಿದ್ದ ಕಂಪನಿಗಳಿಗೆ ಹೆಚ್ಚು ಪೆಟ್ಟು ಬಿದ್ದದ್ದಕ್ಕೆ ಈ ಗಣಿತವೂ ಒಂದು ವಿವರಣೆ.

ವರದಿ ಓದುವಾಗ ಮೊದಲು ನೋಡಬೇಕಾದದ್ದು ಟರ್ಮಿನಲ್ ವ್ಯಾಲ್ಯೂವಿನ ಪಾಲು. ಅದು ಒಟ್ಟು ಬೆಲೆಯ ಮುಕ್ಕಾಲು ದಾಟಿದ್ದರೆ ಟಾರ್ಗೆಟ್ ಬೆಲೆಯನ್ನು ಪೈಸೆಯವರೆಗೆ ನಂಬಬೇಕಿಲ್ಲ. ಆಮೇಲೆ ಶಾಶ್ವತ ಬೆಳವಣಿಗೆಯ ದರ: ಅದು ಸರ್ಕಾರಿ ಬಾಂಡ್‌ನ ದರಕ್ಕಿಂತ ಹೆಚ್ಚಿದ್ದರೆ, ಕಂಪನಿ ಒಂದು ದಿನ ದೇಶದ ಆರ್ಥಿಕತೆಯನ್ನೇ ಮೀರಿ ಬೆಳೆಯುತ್ತದೆ ಎಂದು ನಂಬಿದಂತೆ. ಲಾಭದ ಅಂದಾಜು ಬದಲಾಗದೆ ಬೆಲೆ ಮಾತ್ರ ಏರಿದ್ದರೆ ಹಿಂದಿನ ವರದಿಯ ದರವನ್ನೂ ತೆಗೆದು ನೋಡಿ.

ಪ್ರಶ್ನೆಯನ್ನು ತಿರುಗಿಸಿ ಕೇಳುವುದು ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಇದೇ ಷೇರು ಪೇಟೆಯಲ್ಲಿ 172ಕ್ಕೆ ಸಿಗುತ್ತಿದ್ದರೆ, ಈ ಬೆಳವಣಿಗೆಯೆಲ್ಲ ಹೇಳಿದಂತೆಯೇ ನಡೆದರೂ ಆ ಬೆಲೆಯಲ್ಲಿ ಕಂಪನಿಯ ಬಂಡವಾಳಕ್ಕೆ ಸಿಗುವುದು ವರ್ಷಕ್ಕೆ ಶೇ 11. ಅಷ್ಟು ಸಾಕೇ, ಬೇಡವೇ ಎಂದು ಕೊಳ್ಳುವವರೇ ತೀರ್ಮಾನಿಸಿಕೊಳ್ಳಬಹುದು.