ರಿಕ್ರೂಟರ್ ಇನ್‌ಬಾಕ್ಸ್‌ನಲ್ಲಿ ನಿಮ್ಮ ಒಂದು ಸಾಲು

ಇಂಟರ್‌ವ್ಯೂ ಚೆನ್ನಾಗಿಯೇ ಆಗಿರುತ್ತದೆ. ಮುಂದಿನ ವಾರ ತಿಳಿಸುತ್ತೇವೆ ಎಂದವರಿಂದ ಸುದ್ದಿಯೇ ಇಲ್ಲ. ಸರಿ, ಒಂದು ಮೇಲ್ ಹಾಕೋಣ ಎಂದು ಕೂತರೆ ಸಬ್ಜೆಕ್ಟ್ ಖಾನೆಯಲ್ಲೇ ಕೈ ತಡೆಯುತ್ತದೆ. ಬಹಳ ಜನ ಅಲ್ಲಿ Following up ಅಥವಾ Gentle reminder ಎಂದು ಬರೆದು ಮುಂದೆ ಹೋಗುತ್ತಾರೆ. ಈ ಎರಡೂ ಸಾಲುಗಳಲ್ಲಿ ಯಾರು, ಯಾವ ಕೆಲಸಕ್ಕೆ, ಏನು ಬೇಕು ಎಂಬ ಮೂರರಲ್ಲಿ ಒಂದೂ ಇಲ್ಲ.

ಅತ್ತ ಕಡೆ ಕೂತವರ ಮೇಜನ್ನು ಸ್ವಲ್ಪ ನೋಡೋಣ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ರಿಕ್ರೂಟರ್ ಕೈಯಲ್ಲಿ ಒಂದೇ ಹುದ್ದೆ ಇರುವುದಿಲ್ಲ. ಹತ್ತಾರು ಹುದ್ದೆಗಳು ಒಟ್ಟಿಗೆ ನಡೆಯುತ್ತಿರುತ್ತವೆ, ಒಂದೊಂದಕ್ಕೂ ನೌಕ್ರಿ, ಲಿಂಕ್ಡ್‌ಇನ್, ಕನ್ಸಲ್ಟೆನ್ಸಿ, ಒಳಗಿನವರ ರೆಫರಲ್ ಎಂದು ನಾಲ್ಕು ಕಡೆಯಿಂದ ರೆಸ್ಯೂಮೆ ಬಂದು ಬೀಳುತ್ತಿರುತ್ತವೆ. ಅವರ ಲೆಕ್ಕವೆಲ್ಲ ವರ್ಕ್‌ಡೇ, ಗ್ರೀನ್‌ಹೌಸ್‌ನಂಥ ನೇಮಕಾತಿ ಸಾಫ್ಟ್‌ವೇರಿನಲ್ಲಿ ಹುದ್ದೆಗೊಂದು ನಂಬರಿನ ಮೇಲೆ ನಡೆಯುತ್ತದೆ. ರೆಕ್ ಐಡಿ, ಜಾಬ್ ಐಡಿ ಎನ್ನುವುದು ಇದನ್ನೇ. ನಿಮ್ಮ ಮಟ್ಟಿಗೆ ನೀವು ಒಬ್ಬ ಅಭ್ಯರ್ಥಿ. ಅವರ ಮಟ್ಟಿಗೆ ನೀವು ಒಂದು ನಂಬರಿನ ಕೆಳಗೆ ಒಂದು ಹಂತದಲ್ಲಿ ನಿಂತಿರುವ ಹೆಸರು. ಹೀಗಾಗಿ ಸಬ್ಜೆಕ್ಟ್ ಸಾಲು ಬಸ್ಸಿನ ಬೋರ್ಡಿನ ಹಾಗಿರಬೇಕು: ನಂಬರ್ ಎಷ್ಟು, ಎಲ್ಲಿಗೆ ಹೋಗುತ್ತದೆ, ಅಷ್ಟೇ. ಕುತೂಹಲ ಕೆರಳಿಸುವ ಸಾಲು ಬರೆಯಿರಿ ಎಂದು ಹೇಳಿಕೊಡುವವರಿದ್ದಾರೆ. ಸಾಮಾನು ಮಾರುವವರಿಗೆ ಅದು ಸರಿಹೋಗಬಹುದು. ರಿಕ್ರೂಟರ್ ಮೇಲ್ ತೆರೆಯುವುದು ಕುತೂಹಲಕ್ಕಲ್ಲ, ಇದು ತನ್ನ ಕೈಯಲ್ಲಿರುವ ಕೆಲಸಕ್ಕೆ ಸೇರಿದ್ದು ಎಂದು ಗುರುತು ಹತ್ತಿದಾಗ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಹುಡುಗಿ, ಹೆಸರು ಕಾವ್ಯ ಎಂದುಕೊಳ್ಳಿ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ನಾಲ್ಕು ವರ್ಷದ ಅನುಭವ. ಆಗಸ್ಟ್ 6, ಬುಧವಾರ, ಅವಳಿಗೆ ಎರಡನೇ ಸುತ್ತಿನ ಇಂಟರ್‌ವ್ಯೂ. ಕರೆ ಬಂದ ಮೇಲ್‌ನ ಸಬ್ಜೆಕ್ಟ್ ಹೀಗಿತ್ತು:

```
Interview: QA Engineer R-20418 | Round 2
```

ಆ ಸಂಜೆ ಅವಳು ಥ್ಯಾಂಕ್ಸ್ ಹೇಳಿ ಎರಡು ಸಾಲು ಬರೆಯಬೇಕು. ಇದಕ್ಕೆ ಯಾವ ಸಬ್ಜೆಕ್ಟ್ ಹಾಕಬೇಕು? ಯಾವುದೂ ಬೇಡ. ಬಂದ ಮೇಲ್‌ಗೇ ರಿಪ್ಲೈ ಒತ್ತಿ ಬರೆದರೆ ಸಾಕು. ರಿಕ್ರೂಟರೇ ಕೊಟ್ಟ ಸಬ್ಜೆಕ್ಟ್‌ಗಿಂತ ಅವರಿಗೆ ಬೇಗ ಗುರುತು ಸಿಗುವ ಸಾಲನ್ನು ನಾವು ಬರೆಯಲಾರೆವು. ಜೊತೆಗೆ ಇಲ್ಲೊಂದು ತಾಂತ್ರಿಕ ಕಾರಣವೂ ಇದೆ. ಪ್ರತಿ ಮೇಲ್‌ಗೂ ಕಣ್ಣಿಗೆ ಕಾಣದ ಒಂದು ಗುರುತಿನ ಸಂಖ್ಯೆ ಇರುತ್ತದೆ. ರಿಪ್ಲೈ ಒತ್ತಿದಾಗ ನಿಮ್ಮ ಹೊಸ ಮೇಲ್ ಆ ಹಳೆಯ ಸಂಖ್ಯೆಯನ್ನು `In-Reply-To` ಎಂಬ ಸಾಲಿನಲ್ಲಿ ಹೊತ್ತುಕೊಂಡು ಹೋಗುತ್ತದೆ. ಅದನ್ನು ನೋಡಿಯೇ ಜಿಮೇಲ್ ಎರಡನ್ನೂ ಒಂದೇ ಮಾತುಕತೆಯಾಗಿ ಪೋಣಿಸುವುದು. ರಿಪ್ಲೈ ಮಾಡುವಾಗ ಸಬ್ಜೆಕ್ಟ್ ಬದಲಿಸಿದಿರೋ, ಜಿಮೇಲ್ ಅದನ್ನು ಬೇರೆ ಮಾತುಕತೆ ಎಂದು ಪಕ್ಕಕ್ಕಿಡುತ್ತದೆ. ಸಮಯ, ಸುತ್ತು, ರೆಸ್ಯೂಮೆ ಎಲ್ಲ ಒಂದು ಕಡೆ ಉಳಿದು, ನಿಮ್ಮ ಪ್ರಶ್ನೆ ಒಂಟಿಯಾಗಿ ಇನ್ನೊಂದು ಕಡೆ ಹೋಗಿ ಕೂರುತ್ತದೆ.

ಇದನ್ನು ಅರ್ಧ ತಿಳಿದ ಕೆಲವರು ಹೊಸ ಮೇಲ್ ಬರೆದು ಮುಂದೆ ತಾವೇ Re: ಎಂದು ಟೈಪ್ ಮಾಡುತ್ತಾರೆ. ಹಳೆಯ ಮಾತುಕತೆ ಎಂದುಕೊಂಡು ತೆರೆದರೆ ಕೆಳಗೆ ಏನೂ ಇಲ್ಲ. ಮೇಲ್ ತೆರೆಸಿದ್ದೇನೋ ಹೌದು, ಆದರೆ ತೆರೆದವರಿಗೆ ಮೊದಲು ತಿಳಿಯುವ ಸಂಗತಿಯೇ ನಿಮ್ಮ ಚಾಲಾಕಿ.

ರಿಪ್ಲೈ ಕಳಿಸುವ ಮುನ್ನ ಒಮ್ಮೆ To ಖಾನೆಯನ್ನು ಓದಬೇಕು. ಇಂಟರ್‌ವ್ಯೂ ಕರೆಗಳು ಎಷ್ಟೋ ಸಲ ಸಾಫ್ಟ್‌ವೇರಿನಿಂದಲೇ ಹೊರಡುತ್ತವೆ. ವಿಳಾಸದಲ್ಲಿ no-reply ಎಂದಿದ್ದರೆ ನಿಮ್ಮ ಉತ್ತರವನ್ನು ಓದುವವರು ಯಾರೂ ಇಲ್ಲ. ಹಾಗಿದ್ದಾಗ ರಿಕ್ರೂಟರ್ ತಾವೇ ಬರೆದ ಬೇರೊಂದು ಮೇಲ್ ಹುಡುಕಿ ಅದಕ್ಕೆ ಉತ್ತರಿಸಬೇಕು. ಕ್ಯಾಲೆಂಡರ್ ಆಹ್ವಾನವನ್ನು ಒಪ್ಪಿದಾಗ ಹೋಗುವ Accepted: ಎಂಬ ಸಂದೇಶದೊಳಗೆ ಪ್ರಶ್ನೆ ಕೇಳುವವರೂ ಇದ್ದಾರೆ. ಅಂಥ ಸಂದೇಶಗಳು ಬರುವುದು ರಾಶಿರಾಶಿಯಾಗಿ. ಒಳಗೆ ಬರಹ ಇರಬಹುದು ಎಂದು ಯಾರೂ ತೆರೆದು ನೋಡುವುದಿಲ್ಲ.

ಕಾವ್ಯಳಿಗೆ ಬುಧವಾರ, 13ರೊಳಗೆ ತಿಳಿಸುತ್ತೇವೆ ಎಂದಿದ್ದರು. 14ರ ಬೆಳಿಗ್ಗೆಯೇ ಬರೆದರೆ ಅವಸರ ಎನಿಸುತ್ತದೆ. 15 ಶುಕ್ರವಾರ ಸ್ವಾತಂತ್ರ್ಯ ದಿನ, ಅದಕ್ಕೆ ಶನಿವಾರ ಭಾನುವಾರ ಸೇರಿ ಅರ್ಧ ಆಫೀಸು ಊರಿಗೆ ಹೊರಟಿರುತ್ತದೆ. ಅವಳು 18ರ ಸೋಮವಾರ ಬರೆಯುವುದು ಸರಿ. ಇದಕ್ಕೂ ಹೊಸ ಸಬ್ಜೆಕ್ಟ್ ಬೇಡ, ಅದೇ ಸರಪಳಿಯಲ್ಲಿ ರಿಪ್ಲೈ. ಇಲ್ಲಿ ಕೆಲಸ ಮಾಡುವುದು ಮೇಲ್‌ನ ಮೊದಲ ಸಾಲು. ಫೋನಿನಲ್ಲಿ ಸಬ್ಜೆಕ್ಟ್‌ನ ಕೆಳಗೆ ಮಸುಕಾದ ಅಕ್ಷರದಲ್ಲಿ ಒಳಗಿನ ಮೊದಲ ಕೆಲವು ಪದಗಳು ಕಾಣುತ್ತವಲ್ಲ, ಹಳೆಯ ಸಬ್ಜೆಕ್ಟ್ ಇಟ್ಟುಕೊಂಡಾಗ ಹೊಸದೇನು ಎಂದು ಹೇಳುವ ಜಾಗ ಅದೊಂದೇ. ಅಲ್ಲಿ ನೀವು ಕ್ಷೇಮವೆಂದು ನಂಬಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ತುಂಬಿದರೆ ಆ ಜಾಗ ಹೋಯಿತು. ಆರನೇ ತಾರೀಖಿನ ಎರಡನೇ ಸುತ್ತಿನ ಫಲಿತಾಂಶ ಈ ವಾರ ಗೊತ್ತಾಗಬಹುದೇ ಎಂದು ನೇರವಾಗಿ ಕೇಳಿದರೆ ಒರಟುತನವೇನಲ್ಲ.

ಹಾಗಾದರೆ ಹೊಸ ಸಬ್ಜೆಕ್ಟ್ ಯಾವಾಗ? ಹೊಸ ಸುದ್ದಿ ಇದ್ದಾಗ. ಅದೂ ರಿಕ್ರೂಟರ್ ಬೇರೆಯವರಿಗೆ ದಾಟಿಸಬೇಕಾದ ಸುದ್ದಿ ಆಗಿದ್ದರೆ. ನಮ್ಮಲ್ಲಿ ಅಂಥ ಸುದ್ದಿಗಳಲ್ಲಿ ಮೊದಲನೆಯದು ನೋಟಿಸ್ ಪಿರಿಯಡ್. ಭಾರತದ ಐಟಿ ಕಂಪನಿಗಳಲ್ಲಿ 60 ದಿನ, 90 ದಿನ ನೋಟಿಸ್ ಸಾಮಾನ್ಯ. ಇಬ್ಬರು ಅಭ್ಯರ್ಥಿಗಳು ಸರಿಸಮ ಇದ್ದಾಗ ಬೇಗ ಸೇರುವವರ ಕಡೆ ತಕ್ಕಡಿ ವಾಲುವುದು ರಿಕ್ರೂಟರುಗಳಿಗೆಲ್ಲ ಗೊತ್ತಿರುವ ವಿಷಯ. ಕಾವ್ಯ ಜುಲೈ ಕೊನೆಯಲ್ಲಿ ರಾಜೀನಾಮೆ ಕೊಟ್ಟಿದ್ದಳು, ಸೆಪ್ಟೆಂಬರ್ ಕೊನೆಗೆ ಬಿಡುಗಡೆ ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದಳು. ಆಗಸ್ಟ್ 20ರಂದು ಅವಳ ಮ್ಯಾನೇಜರ್, 29ಕ್ಕೇ ಬಿಡುತ್ತೇವೆ ಎಂದರು ಎನ್ನಿ. ಇದು ಸುದ್ದಿ. ಇದನ್ನು ಹಳೆಯ ಸರಪಳಿಯ ತಳದಲ್ಲಿ ಹೂತಿಡಬಾರದು.

ಅವಳ ಮೊದಲ ಪ್ರಯತ್ನ ಬಹುಶಃ ಹೀಗಿರುತ್ತದೆ:

```
Important update regarding my candidature
```

ಸಾಲು ಪೂರ್ತಿ ತುಂಬಿದೆ, ಮಾಹಿತಿ ಮಾತ್ರ ಸೊನ್ನೆ. ನಿಮಗೆ ಮುಖ್ಯವಾದದ್ದು ಅವರಿಗೂ ಮುಖ್ಯವೇ ಎಂದು ತೀರ್ಮಾನಿಸಲು ಸಾಲಿನಲ್ಲೇ ಆಧಾರ ಬೇಕು. ಎರಡನೇ ಪ್ರಯತ್ನದಲ್ಲಿ ಹೆಸರು ಸೇರುತ್ತದೆ:

```
Kavya S - Application for QA Engineer - Early joining
```

ಇದು ಮೊದಲಿನದಕ್ಕಿಂತ ವಾಸಿ. ಆದರೆ ಫೋನಿನ ಪರದೆಯಲ್ಲಿ ಸಬ್ಜೆಕ್ಟ್‌ನ ಮೊದಲ ಮೂವತ್ತು ನಲವತ್ತು ಅಕ್ಷರಗಳಷ್ಟೇ ಕಾಣುತ್ತವೆ, ಉಳಿದದ್ದು ಮೂರು ಚುಕ್ಕಿಯ ಹಿಂದೆ. ಬೇಗ ಸೇರುತ್ತೇನೆ ಎಂಬ ಸುದ್ದಿ ಆ ಚುಕ್ಕಿಗಳ ಪಾಲಾಯಿತು. ಇನ್‌ಬಾಕ್ಸ್‌ನಲ್ಲಿ ಕಳಿಸಿದವರ ಹೆಸರು ಹೇಗೂ ಬೇರೆಯಾಗಿ ಕಾಣುವುದರಿಂದ ಸಾಲಿನ ಮೊದಲಿಗೇ ಅದನ್ನು ಇಡುವುದು ದುಂದು. (ಕಾಲೇಜಿನಲ್ಲಿ ಇಟ್ಟುಕೊಂಡ ತಮಾಷೆ ಹೆಸರೇ ಅಲ್ಲಿ ಕಾಣುತ್ತಿದ್ದರೆ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಸರಿಪಡಿಸಬೇಕು.) ಹಾಗೆಂದು ಹೆಸರನ್ನು ತೆಗೆದೇ ಬಿಡುವಂತಿಲ್ಲ. ರಿಕ್ರೂಟರ್ ಈ ಮೇಲನ್ನು ಮ್ಯಾನೇಜರಿಗೆ ಫಾರ್ವರ್ಡ್ ಮಾಡಿದಾಗ ಕಳಿಸಿದವರ ಜಾಗದಲ್ಲಿ ರಿಕ್ರೂಟರ್ ಹೆಸರು ಬಂದು ಕೂರುತ್ತದೆ. ಸಬ್ಜೆಕ್ಟ್‌ನಲ್ಲಿ ಕಾವ್ಯ ಇಲ್ಲದಿದ್ದರೆ ಯಾರ ಸುದ್ದಿ ಎಂದು ಮ್ಯಾನೇಜರ್ ಮೇಲ್ ತೆರೆದೇ ತಿಳಿಯಬೇಕು. ಆದ್ದರಿಂದ ಹೆಸರು ಸಾಲಿನ ಕೊನೆಗೆ:

```
QA Engineer R-20418: can join 1 Sep - Kavya S
```

ಎಣಿಸಿ ನೋಡಿ, Sep ಎಂಬಲ್ಲಿಗೆ 35 ಅಕ್ಷರ. ಹುದ್ದೆ, ನಂಬರ್, ಸುದ್ದಿ ಮೂರೂ ಚುಕ್ಕಿಗಳಿಗೆ ಮೊದಲೇ ಮುಗಿದವು. ನಂಬರ್ ಇರುವುದರಿಂದ ಇನ್ನೊಂದು ಲಾಭ: ಮ್ಯಾನೇಜರ್ ಜೊತೆ ಮಾತಾಡುವ ಮುನ್ನ ರಿಕ್ರೂಟರ್ ಮೇಲ್‌ನಲ್ಲಿ R-20418 ಎಂದು ಹುಡುಕಿದರೆ ಈ ಮೇಲ್ ಕೂಡ ಸಿಗುತ್ತದೆ. ಹಳೆಯ ಸರಪಳಿಯಿಂದ ಬೇರ್ಪಟ್ಟರೂ ಕೊಂಡಿ ತಪ್ಪಲಿಲ್ಲ. ಅಂದೇ ತೆರೆಯದ ಮೇಲ್ ನಾಲ್ಕು ದಿನ ಬಿಟ್ಟು ಹುಡುಕಾಟದಲ್ಲಿ ಸಿಕ್ಕರೂ ಸಿಕ್ಕಂತೆಯೇ.

ಇನ್ನೊಂದು ಕಂಪನಿಯಿಂದ ಆಫರ್ ಬಂದಾಗಲೂ ಇದೇ ಕ್ರಮ. ಉತ್ತರ ಕೊಡಲು ಶುಕ್ರವಾರ ಗಡುವು ಎಂದಿದ್ದರೆ ಆ ತಾರೀಖು ಸಬ್ಜೆಕ್ಟ್‌ನಲ್ಲಿ ಬರಲಿ. Urgent ಎಂಬ ಪದ ಬೇಡ. ತಾರೀಖು ನೋಡಿದರೆ ಅವಸರ ತಾನಾಗಿ ತಿಳಿಯುತ್ತದೆ. ಇಲ್ಲದ ಆಫರನ್ನು ಇದೆ ಎಂದು ಬರೆಯುವವರಿಗೆ ಸಂಬಳದ ಮಾತುಕತೆಯಲ್ಲಿ ಆಫರ್ ಲೆಟರ್ ತೋರಿಸಿ ಎಂಬ ಪ್ರಶ್ನೆ ಬಂದೀತು.

ಸಬ್ಜೆಕ್ಟ್ ಚೆನ್ನಾಗಿತ್ತೇ ಎಂದು ತಿಳಿಯುವುದು ಹೇಗೆ? ಕೆಲವರು ಮೇಲ್ ತೆರೆದದ್ದನ್ನು ಪತ್ತೆಹಚ್ಚುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳುತ್ತಾರೆ. ಅದು ಮೇಲ್ ಒಳಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಇಟ್ಟು, ಆ ಚಿತ್ರ ಲೋಡ್ ಆದರೆ ತೆರೆದರು ಎಂದು ಲೆಕ್ಕ ಹಾಕುತ್ತದೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಖಾಸಗಿತನದ ಏರ್ಪಾಡು, ಓದುವವರು ತೆರೆಯದಿದ್ದರೂ ಇಂಥ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಇನ್ನು ಚಿತ್ರಗಳನ್ನೇ ತಡೆದಿಟ್ಟ ಆಫೀಸಿನಲ್ಲಿ ಓದಿದ ಮೇಲೂ ತೆರೆದಿಲ್ಲ ಎಂದೇ ತೋರುತ್ತದೆ. ಇಂಥ ಸಬ್ಜೆಕ್ಟ್‌ಗೆ ಇಷ್ಟು ಶೇಕಡಾ ಜನ ತೆರೆಯುತ್ತಾರೆ ಎಂಬ ಪಟ್ಟಿಗಳನ್ನು ನಾನು ನಂಬದಿರುವುದು ಇದಕ್ಕೇ. ಎಣಿಸಲು ಯೋಗ್ಯವಾದದ್ದು ಉತ್ತರ ಒಂದೇ.

ಆ ಉತ್ತರವೂ ಸಬ್ಜೆಕ್ಟ್ ಕೈಯಲ್ಲಿಲ್ಲ ಎನ್ನುವ ಸಂದರ್ಭಗಳು ಬೇಕಾದಷ್ಟಿವೆ. ಮ್ಯಾನೇಜರ್ ಇನ್ನೂ ಅಭಿಪ್ರಾಯ ಕೊಟ್ಟಿಲ್ಲ, ಹುದ್ದೆಯನ್ನೇ ತಡೆಹಿಡಿದಿದ್ದಾರೆ, ಒಳಗಿನವರೊಬ್ಬರನ್ನು ಹಾಕಿಕೊಂಡಿದ್ದಾರೆ. ರಿಕ್ರೂಟರ್ ಮೇಲ್ ಓದಿರುತ್ತಾರೆ, ಹೇಳಲು ಏನೂ ಇರುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ರಿಕ್ರೂಟರುಗಳು ಫೋನು, ವಾಟ್ಸ್ಆ್ಯಪ್‌ನಲ್ಲೇ ಮಾತಾಡುವವರು. ಅವರೇ ಮೊದಲು ಅಲ್ಲಿ ಬರೆದಿದ್ದರೆ ಅಲ್ಲಿಯೇ ಒಂದು ಸಾಲು ಕೇಳಬಹುದು. ಸ್ಥಿತಿ ಏನಾಯಿತು ಎಂದು ಅದೇ ಸರಪಳಿಯಲ್ಲಿ ಎರಡು ಸಲ ಕೇಳಿಯೂ ಉತ್ತರ ಬರದಿದ್ದರೆ ಆ ನಂಬರಿನ ಮೇಲೆ ಮೂರನೇ ಮೇಲ್ ಬೇಡ.

ಆದರೆ ಮೂರು ತಿಂಗಳ ನಂತರ ಅದೇ ಕಂಪನಿಯಲ್ಲಿ ಹೊಸ ಹುದ್ದೆ ಕಂಡರೆ ಬರೆಯಬಹುದು. ಆಗ ಹಳೆಯ ಸರಪಳಿಗೆ ರಿಪ್ಲೈ ಮಾಡಬಾರದು, ಅದರ ತಲೆಯ ಮೇಲೆ ಮುಚ್ಚಿದ ಹುದ್ದೆಯ ನಂಬರ್ ಇದೆ. ಹೊಸ ಮೇಲ್ ತೆಗೆದು ಸಬ್ಜೆಕ್ಟ್‌ನಲ್ಲಿ ಹೊಸ ನಂಬರ್ ಹಾಕಿ. ಆಗಸ್ಟ್‌ನಲ್ಲಿ R-20418ಕ್ಕೆ ಎರಡನೇ ಸುತ್ತಿನವರೆಗೆ ಬಂದಿದ್ದೆ ಎಂಬುದು ಒಳಗಿನ ಮೊದಲ ಸಾಲಿನಲ್ಲಿರಲಿ.