ಒಂದು ಫೇಸ್ ಹೋದ ಮೋಟಾರಿನಲ್ಲಿ ಮೂರು ಬಗೆಯ ಕರೆಂಟು

ಮೂರು ಫೇಸಿನ ವಿದ್ಯುತ್ತಿನಲ್ಲಿ ಆರ್, ವೈ, ಬಿ ತಂತಿಗಳ ಕರೆಂಟು ಒಂದೇ ಅಳತೆಯದಾಗಿದ್ದು, ಒಂದರ ಏರಿಳಿತದ ಹಿಂದೆ ಇನ್ನೊಂದರದು 120 ಡಿಗ್ರಿ ಅಂತರದಲ್ಲಿ ಬರುತ್ತಿದ್ದರೆ ಅದು ಸಮತೋಲದ ಸ್ಥಿತಿ. ಆಗ ಒಂದು ಫೇಸಿನ ಲೆಕ್ಕ ಮಾಡಿದರೆ ಸಾಕು, ಉಳಿದೆರಡು ತಾವಾಗಿಯೇ ತಿಳಿಯುತ್ತವೆ. ಒಂದು ಫ್ಯೂಸ್ ಹೋದರೆ, ಒಂದು ಫೇಸಿನ ಮೇಲೆ ಹೆಚ್ಚು ಮನೆಗಳ ಹೊರೆ ಬಿದ್ದರೆ, ಒಂದು ತಂತಿ ನೆಲಕ್ಕೆ ತಗುಲಿದರೆ ಈ ಅನುಕೂಲ ಹೋಗುತ್ತದೆ. ಮೂರು ಕರೆಂಟುಗಳೂ ಬೇರೆ ಬೇರೆಯಾಗುತ್ತವೆ. ಮೋಟಾರಿನೊಳಗೆ ಅವು ಸೇರಿ ಏನು ಮಾಡುತ್ತಿವೆ ಎಂಬುದು ಅಳತೆಗಳನ್ನು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಫೋರ್ಟೆಸ್ಕ್ಯೂ. ಸಮತೋಲ ತಪ್ಪಿದ ಇಂಡಕ್ಷನ್ ಮೋಟಾರು ಹೇಗೆ ನಡೆಯುತ್ತದೆ ಎಂಬ ಲೆಕ್ಕದಲ್ಲಿ 1913ರಲ್ಲಿ ತೊಡಗಿದ್ದ ಅವರು 1918ರಲ್ಲಿ ತಮ್ಮ ವಿಧಾನವನ್ನು ಪ್ರಬಂಧವಾಗಿ ಮಂಡಿಸಿದರು. ಅಸಮವಾದ ಯಾವುದೇ ಮೂರು ಕರೆಂಟುಗಳನ್ನು ಮೂರು ಶಿಸ್ತಿನ ಗುಂಪುಗಳ ಮೊತ್ತವಾಗಿ ಬಿಡಿಸಬಹುದು ಎಂಬುದು ಅದರ ತಿರುಳು. ಮೊದಲನೆಯದು ಧನಕ್ರಮ: ಮೂರೂ ಸಮ, 120 ಡಿಗ್ರಿ ಅಂತರ, ಆರ್–ವೈ–ಬಿ ಎಂಬ ಮಾಮೂಲಿ ಸರದಿ. ಎರಡನೆಯದು ಋಣಕ್ರಮ: ಅಳತೆ, ಅಂತರ ಅದೇ ಬಗೆ, ಆದರೆ ಸರದಿ ಆರ್–ಬಿ–ವೈ. ಮೂರನೆಯದಾದ ಶೂನ್ಯಕ್ರಮಕ್ಕೆ ಸರದಿಯೇ ಇಲ್ಲ; ಮೂರು ತಂತಿಯಲ್ಲೂ ಒಂದೇ ಅಳತೆಯ ಕರೆಂಟು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಕೆಲಸಗಾರರ ಬಾಯಲ್ಲಿ ಇವು ಪಾಸಿಟಿವ್, ನೆಗೆಟಿವ್, ಜೀರೊ ಸೀಕ್ವೆನ್ಸ್.

ಬಿಡಿಸುವ ಸೂತ್ರಗಳು ಇವು:

```
I0 = (IR + IY + IB) / 3
I1 = (IR + a·IY + a²·IB) / 3
I2 = (IR + a²·IY + a·IB) / 3
```

ಇಲ್ಲಿ ಪ್ರತಿ ಕರೆಂಟನ್ನೂ ಒಂದು ಬಾಣವೆಂದು ತಿಳಿಯಬೇಕು. ಬಾಣದ ಉದ್ದ ಕರೆಂಟಿನ ಅಳತೆ, ದಿಕ್ಕು ಅದರ ಕೋನ. `a` ಎಂದರೆ ಬಾಣವನ್ನು ಗಡಿಯಾರದ ಮುಳ್ಳಿಗೆ ಎದುರಾಗಿ 120 ಡಿಗ್ರಿ ತಿರುಗಿಸು, `a²` ಎಂದರೆ 240 ಡಿಗ್ರಿ ತಿರುಗಿಸು ಎಂದಷ್ಟೇ. ಧನಕ್ರಮದಲ್ಲಿ ವೈ ಬಾಣ ಆರ್‌ಗಿಂತ 120 ಡಿಗ್ರಿ, ಬಿ ಬಾಣ 240 ಡಿಗ್ರಿ ಹಿಂದಿರುತ್ತವೆ. ಆದ್ದರಿಂದ ಎರಡನೆಯ ಸೂತ್ರ ಅವನ್ನು ಅಷ್ಟೇ ಮುಂದಕ್ಕೆ ತಿರುಗಿಸಿ ಆರ್‌ನ ಸಾಲಿಗೆ ತಂದು ಕೂಡಿಸುತ್ತದೆ. ಬೇರೆ ಎರಡು ಗುಂಪುಗಳ ಬಾಣಗಳು ಇದೇ ತಿರುಗಣೆಯಲ್ಲಿ ಒಂದನ್ನೊಂದು ರದ್ದುಮಾಡಿಕೊಂಡು ಸೊನ್ನೆಯಾಗುತ್ತವೆ. ಸೂತ್ರದ ಜಾಣ್ಮೆ ಇರುವುದು ಇಲ್ಲಿಯೇ: ಅದು ಜರಡಿಯಂತೆ ತನಗೆ ಬೇಕಾದ ಗುಂಪನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ ಪಂಪ್‌ಸೆಟ್ ಇರುವವರಿಗೆಲ್ಲ ಪರಿಚಿತವಾದ ಒಂದು ಸಂದರ್ಭಕ್ಕೆ ಇದನ್ನು ಹೊಂದಿಸಿ ನೋಡಬಹುದು. ಪ್ರತಿ ತಂತಿಯಲ್ಲೂ 10 ಆಂಪಿಯರ್ ಎಳೆದುಕೊಂಡು ಪೂರ್ಣ ಹೊರೆಯಲ್ಲಿ ಓಡುತ್ತಿರುವ ಮೋಟಾರು. ಟಿ.ಸಿ.ಯ ಹತ್ತಿರ ಆರ್ ಫೇಸಿನ ಫ್ಯೂಸ್ ಹೋಗುತ್ತದೆ. ನೀರೆತ್ತುವ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುವುದರಿಂದ ಉಳಿದ ಎರಡು ತಂತಿಗಳ ಕರೆಂಟು ಸುಮಾರು 17.3 ಆಂಪಿಯರಿಗೆ ಏರುತ್ತದೆ. ವೈ ತಂತಿಯಲ್ಲಿ ಒಳಹೋದದ್ದು ಬಿ ತಂತಿಯಲ್ಲೇ ಹೊರಬರಬೇಕು. ಆದ್ದರಿಂದ ವೈ ಬಾಣ ಪೂರ್ವಕ್ಕಿದ್ದರೆ ಬಿ ಬಾಣ ಪಶ್ಚಿಮಕ್ಕೆ. ಆರ್ ಸೊನ್ನೆ.

ಮೂರನ್ನೂ ಕೂಡಿಸಿದರೆ ಸೊನ್ನೆ, ಹಾಗಾಗಿ ಶೂನ್ಯಕ್ರಮ ಇಲ್ಲ. ಧನಕ್ರಮಕ್ಕೆ ವೈ ಬಾಣವನ್ನು 120 ಡಿಗ್ರಿ, ಬಿ ಬಾಣವನ್ನು 240 ಡಿಗ್ರಿ ತಿರುಗಿಸಿದಾಗ ಎರಡೂ ಉತ್ತರದ ಅಕ್ಕಪಕ್ಕ, ತಲಾ 30 ಡಿಗ್ರಿ ಓರೆಯಲ್ಲಿ ನಿಲ್ಲುತ್ತವೆ. ಅವುಗಳ ಮೊತ್ತ ಉತ್ತರ ದಿಕ್ಕಿಗೆ 30. ಮೂರರಿಂದ ಭಾಗಿಸಿದರೆ 10 ಆಂಪಿಯರ್. ಋಣಕ್ರಮಕ್ಕೆ ತಿರುಗಣೆಗಳನ್ನು ಅದಲುಬದಲು ಮಾಡಿದರೆ ಅದೇ 10 ಆಂಪಿಯರ್ ದಕ್ಷಿಣಕ್ಕೆ ಬರುತ್ತದೆ. ಆರ್ ತಂತಿಯಲ್ಲಿ ಉತ್ತರದ 10, ದಕ್ಷಿಣದ 10 ಕಳೆದುಹೋಗಿ ಸೊನ್ನೆ, ಲೆಕ್ಕ ಸರಿಯಿದೆ. ವೈ ತಂತಿಯಲ್ಲಿ ಪೂರ್ವಕ್ಕೆ 30 ಡಿಗ್ರಿ ಓರೆಯ ಎರಡು ಹತ್ತುಗಳು ಕೂಡಿ 17.3.

ಅಂದರೆ ಕೆಲಸ ಮಾಡುವ 10 ಆಂಪಿಯರ್ ಮೊದಲಿನಂತೆಯೇ ಇದೆ. ಅದರ ಜೊತೆಗೆ, ಕೆಲಸಕ್ಕೆ ಎದುರಾಗಿ ನಿಂತ ಇನ್ನೊಂದು 10 ಆಂಪಿಯರ್ ಸೇರಿಕೊಂಡಿದೆ. ಧನಕ್ರಮ ಮೋಟಾರಿನೊಳಗೆ ಮುಂದಕ್ಕೆ ಸುತ್ತುವ ಕಾಂತಕ್ಷೇತ್ರವನ್ನು ಹುಟ್ಟಿಸಿದರೆ ಋಣಕ್ರಮ ಹಿಂದಕ್ಕೆ ಸುತ್ತುವ ಕ್ಷೇತ್ರವನ್ನು ಹುಟ್ಟಿಸುತ್ತದೆ. ನಿಮಿಷಕ್ಕೆ 1455 ಸುತ್ತಿನ ಮೋಟಾರಿನಲ್ಲಿ ಮುಂದಿನ ಕ್ಷೇತ್ರ 1500 ಸುತ್ತಿನಲ್ಲಿ ಓಡುತ್ತದೆ. ರೋಟರಿಗೆ ಅದು ಬರೀ 45 ಸುತ್ತಿನಷ್ಟು ಮುಂದೆ, ಹಾಗಾಗಿ ಅಲ್ಲಿ ಹುಟ್ಟುವ ಕರೆಂಟಿನ ಆವರ್ತನ 1.5 ಹರ್ಟ್ಸ್. ಹಿಂದಿನ ಕ್ಷೇತ್ರವಾದರೋ ರೋಟರನ್ನು 2955 ಸುತ್ತಿನ ವೇಗದಲ್ಲಿ ಎದುರಿಗೆ ದಾಟಿಹೋಗಿ 98.5 ಹರ್ಟ್ಸಿನ ಕರೆಂಟನ್ನು ಹುಟ್ಟಿಸುತ್ತದೆ. ಅಷ್ಟು ವೇಗದ ಕರೆಂಟು ರೋಟರಿನ ಸರಳುಗಳ ಮೇಲಂಚಿಗೆ ಒತ್ತಿಕೊಂಡು ಹರಿಯುವುದರಿಂದ ಅಲ್ಲಿ ಪ್ರತಿರೋಧ ಹೆಚ್ಚುತ್ತದೆ, ಕಾವು ಏರುತ್ತದೆ.

ನಿಂತ ಮೋಟಾರು ಎರಡು ಫೇಸಿನಲ್ಲಿ ಗುಂಯ್ ಎನ್ನುತ್ತದೆಯೇ ಹೊರತು ತಿರುಗದು. ಓಡುತ್ತಿದ್ದ ಮೋಟಾರು ಮಾತ್ರ ಓಡುತ್ತಲೇ ಇರುತ್ತದೆ. ಇದಕ್ಕೂ ಕಾರಣ ಇಲ್ಲೇ ಇದೆ. ನಿಂತ ರೋಟರಿಗೆ ಎರಡು ಕ್ಷೇತ್ರಗಳ ಎಳೆತವೂ ಸಮ. ಓಡುವ ರೋಟರಿನಲ್ಲಿ ಮುಂದಿನದೇ ಗೆಲ್ಲುತ್ತದೆ, ಹಿಂದಿನದು ಬ್ರೇಕಿನಂತೆ ಎಳೆಯುತ್ತಿರುತ್ತದೆ.

ಪೂರ್ತಿ ಫೇಸ್ ಹೋಗದೆ ವೋಲ್ಟೇಜು ಸ್ವಲ್ಪ ಏರುಪೇರಾದರೂ ಪೆಟ್ಟು ದೊಡ್ಡದೇ. ಋಣಕ್ರಮದ ವೋಲ್ಟೇಜಿಗೆ ಓಡುವ ಮೋಟಾರು ಹೆಚ್ಚುಕಡಿಮೆ ನಿಂತ ಮೋಟಾರಿನಂತೆಯೇ ಕಾಣುತ್ತದೆ. ಸ್ಟಾರ್ಟ್ ಆಗುವಾಗ ಆರು ಪಟ್ಟು ಕರೆಂಟು ಎಳೆಯುವ ಮೋಟಾರಿಗೆ ವೋಲ್ಟೇಜಿನಲ್ಲಿ ಶೇ. 2ರಷ್ಟು ಋಣಕ್ರಮ ಸೇರಿದರೆ ಕರೆಂಟಿನಲ್ಲಿ ಅದು ಸುಮಾರು ಶೇ. 12 ಆಗುತ್ತದೆ.

ಇದನ್ನು ಪತ್ತೆಹಚ್ಚುವುದರಲ್ಲಿ ಎರಡು ಕಡೆ ಎಡವುವುದುಂಟು. ಓಡುತ್ತಿರುವ ಮೋಟಾರು ಕಡಿದುಹೋದ ಫೇಸಿನಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಆದ್ದರಿಂದ ವೋಲ್ಟೇಜನ್ನಷ್ಟೇ ನೋಡುವ ಸಿಂಗಲ್ ಫೇಸ್ ಪ್ರಿವೆಂಟರ್ ಮೋಸಹೋಗಬಹುದು. ಋಣಕ್ರಮದ ಕರೆಂಟನ್ನು ನೋಡುವ ಸಾಧನ ಹೆಚ್ಚು ನಂಬಿಕೆಗೆ ಅರ್ಹ. ಎರಡನೆಯದು ಸರದಿಯ ತಪ್ಪು: ಎರಡು ತಂತಿಗಳ ಹೆಸರು ಅದಲುಬದಲಾದರೆ ಲೆಕ್ಕದಲ್ಲಿ ಧನಕ್ರಮವೇ ಋಣಕ್ರಮವಾಗಿ ಕಾಣುತ್ತದೆ, ಸರಿಯಾದ ಮೋಟಾರನ್ನೂ ಸಾಧನ ನಿಲ್ಲಿಸಿಬಿಡುತ್ತದೆ.

ಕ್ಲ್ಯಾಂಪ್ ಮೀಟರ್ ಕೋನವನ್ನು ಹೇಳುವುದಿಲ್ಲ. ಆದರೂ ನ್ಯೂಟ್ರಲ್ ಇಲ್ಲದ ಮೂರು ತಂತಿಯ ಮೋಟಾರಿಗೆ ಒಂದು ಸುಲಭ ಪರೀಕ್ಷೆಯಿದೆ. ಮೊತ್ತ ಸೊನ್ನೆಯಾಗಿರುವುದರಿಂದ ಮೂರು ಅಳತೆಗಳೂ ಒಂದು ತ್ರಿಕೋನದ ಬಾಹುಗಳಾಗುತ್ತವೆ. ಮೂರೂ ಸಮವಾಗಿದ್ದರೆ ಋಣಕ್ರಮವಿಲ್ಲ. ತ್ರಿಕೋನ ಎಷ್ಟು ಚಪ್ಪಟೆಯೋ ಅಷ್ಟು ಋಣಕ್ರಮ. ಮೇಲಿನ 0, 17.3, 17.3 ಪೂರ್ತಿ ಚಪ್ಪಟೆಯಾದ ತ್ರಿಕೋನ.

ಶೂನ್ಯಕ್ರಮ ಹರಿಯಲು ನಾಲ್ಕನೆಯ ದಾರಿ ಬೇಕು. ನ್ಯೂಟ್ರಲ್ ಇರುವ ಲೈನಿನಲ್ಲಿ ಆರ್ ಫೇಸಿನ ಮೇಲೆ ಮಾತ್ರ 30 ಆಂಪಿಯರಿನ ಹೊರೆ ಇದ್ದರೆ ಧನ, ಋಣ, ಶೂನ್ಯ ಮೂರೂ ತಲಾ 10 ಆಗುತ್ತವೆ. ನ್ಯೂಟ್ರಲಿನಲ್ಲಿ ಶೂನ್ಯಕ್ರಮದ ಮೂರು ಪಟ್ಟು, ಅಂದರೆ 30 ಆಂಪಿಯರ್ ಮರಳುತ್ತದೆ. ಪಂಪಿನ ಮೂರು ತಂತಿಗಳಲ್ಲಿ ಶೂನ್ಯಕ್ರಮ ಕಂಡರೆ ಮಾತ್ರ ಅರ್ಥ ಬೇರೆ: ಕರೆಂಟು ನೆಲಕ್ಕೆ ಸೋರುತ್ತಿದೆ. ಕೊಳವೆಬಾವಿಯ ಕೇಬಲಿನ ಹೊದಿಕೆ ಒಡೆದಾಗ ಆಗುವುದು ಇದೇ. ಮೂರೂ ತಂತಿಗಳನ್ನು ಒಂದೇ ಕಬ್ಬಿಣದ ಉಂಗುರದೊಳಗೆ ಹಾಯಿಸಿ ಅದರ ಸುರುಳಿಯಲ್ಲಿ ಹುಟ್ಟುವ ಕರೆಂಟನ್ನು ನೋಡಿದರೆ ಈ ಮೊತ್ತ ನೇರವಾಗಿ ಸಿಗುತ್ತದೆ. ಧನ, ಋಣ ಕ್ರಮಗಳು ಅಲ್ಲಿ ತಾವಾಗಿ ಅಳಿಸಿಹೋಗುತ್ತವೆ.

ಈ ಮೂರು ಗುಂಪುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸುವುದು ಒಂದು ಷರತ್ತಿನ ಮೇಲೆ ನಿಂತಿದೆ. ಮೋಟಾರು, ಲೈನು, ಟ್ರಾನ್ಸ್‌ಫಾರ್ಮರ್ ತಮ್ಮ ರಚನೆಯಲ್ಲಿ ಮೂರು ಫೇಸಿಗೂ ಒಂದೇ ರೀತಿ ಇರಬೇಕು. ಒಂದು ವೈಂಡಿಂಗಿನ ಕೆಲವು ಸುತ್ತುಗಳು ಒಳಗೇ ಶಾರ್ಟ್ ಆಗಿದ್ದರೆ ಧನಕ್ರಮದ ವೋಲ್ಟೇಜು ಕೂಡ ಋಣಕ್ರಮದ ಕರೆಂಟನ್ನು ಹುಟ್ಟಿಸತೊಡಗುತ್ತದೆ. ಪೂರೈಕೆಯ ವೋಲ್ಟೇಜು ಮೂರು ಫೇಸಿನಲ್ಲೂ ಸರಿಯಿದ್ದು, ಮೋಟಾರಿನ ಕರೆಂಟಿನಲ್ಲಿ ಮಾತ್ರ ಋಣಕ್ರಮ ಕಂಡುಬಂದರೆ ದೋಷವನ್ನು ಲೈನಿನಲ್ಲಿ ಅಲ್ಲ, ಮೋಟಾರಿನೊಳಗೆ ಅಥವಾ ಅದರ ಸ್ಟಾರ್ಟರಿನ ಸವೆದ ಕಾಂಟ್ಯಾಕ್ಟಿನಲ್ಲಿ ಹುಡುಕಬೇಕು.